ಕೆಲಸ ಕೇಳದ ಓಲೆ

ಐಟಿ ಕಂಪನಿಗಳಿಗೆ ಜನರನ್ನು ಹುಡುಕಿಕೊಡುವ ಕನ್ಸಲ್ಟೆನ್ಸಿ ನಡೆಸುವವರಿಗೆ ದಿನವೂ ಬರುವ ಬರಹಗಳಿಗೆ ಲೆಕ್ಕವಿಲ್ಲ. ರೆಸ್ಯೂಮೆಗಳು, ಫಾಲೋಅಪ್‌ಗಳು, ‘ಏನಾಯ್ತು ಮೇಡಂ’ಗಳು. ಒಂದೊಂದರ ಹಿಂದೆಯೂ ಒಂದು ಮನೆಯ ಚಿಂತೆ ಇರುತ್ತದೆ, ಹಾಗಾಗಿ ಎಲ್ಲವನ್ನೂ ಗಮನವಿಟ್ಟೇ ಓದುತ್ತೇವೆ. ಆದರೆ ಕೆಲಸ ಮುಗಿದ ಮೇಲೂ ಮತ್ತೆ ತೆಗೆದು ಓದಬೇಕೆನ್ನಿಸುವ ಬರಹ ಅಪರೂಪ. 2025ರ ಆಗಸ್ಟ್‌ನಲ್ಲಿ ಅಂಥದ್ದೊಂದು ಬಂತು. ಬಹಳ ವರ್ಷಗಳ ಹಿಂದೆ ನಾನು ಕೆಲಸಕ್ಕೆ ಸೇರಿಸಿದ್ದ ಹುಡುಗಿ, ಓಲೆ ಬರೆಯುವ ಹೊತ್ತಿಗೆ ಹದಿಮೂರು ವರ್ಷ ಅನುಭವವಿದ್ದ ಟೆಸ್ಟ್ ಲೀಡ್, ವಾಟ್ಸ್ಯಾಪಿನಲ್ಲಿ ಬರೆದಿದ್ದರು. ಅವರ ಒಪ್ಪಿಗೆ ಪಡೆದು, ಗುರುತು ಹಿಡಿಯುವಂಥ ವಿವರಗಳನ್ನು ತೆಗೆದು, ಅದನ್ನು ಇಲ್ಲಿ ಇಡುತ್ತಿದ್ದೇನೆ.

“ಮೇಡಂ, ನಮಸ್ಕಾರ. 2016ರಲ್ಲಿ ನೀವು ನನ್ನನ್ನು ಔಟರ್ ರಿಂಗ್ ರೋಡಿನ ಕಂಪನಿಗೆ ಟೆಸ್ಟಿಂಗ್ ಕೆಲಸಕ್ಕೆ ಸೇರಿಸಿದ್ದಿರಿ. ಹಳೇ ಕಂಪನಿಯವರು ರಿಲೀವಿಂಗ್ ಲೆಟರ್ ತಡ ಮಾಡಿದಾಗ ನೀವು ಇಲ್ಲಿನ ಎಚ್‌ಆರ್ ಹತ್ತಿರ ಮಾತಾಡಿ ಸೇರೋ ದಿನವನ್ನ ಮುಂದಕ್ಕೆ ಹಾಕಿಸಿಕೊಟ್ಟಿದ್ದಿರಿ. ಈಗಲೂ ಅಲ್ಲೇ ಇದ್ದೀನಿ.

ಒಟ್ಟು ಅನುಭವ ಹದಿಮೂರು ವರ್ಷ. ಫಿಕ್ಸೆಡ್ 24 ಲಕ್ಷ, ವೇರಿಯಬಲ್ 3 ಲಕ್ಷ. ಹೋದ ವರ್ಷ ವೇರಿಯಬಲ್‌ನಲ್ಲಿ ಕೈಗೆ ಬಂದಿದ್ದು 1.8 ಲಕ್ಷ. ನೋಟಿಸ್ 90 ದಿನ. ಸೆಲೆನಿಯಮ್, ಜಾವಾ ಗೊತ್ತು, ಆದರೆ ಈಗ ತಂಡ ನೋಡಿಕೊಳ್ಳೋದೇ ಹೆಚ್ಚು. ನಾನೇ ಕೂತು ಕೋಡ್ ಬರೆದು ಎರಡು ವರ್ಷ ಆಯ್ತು.

ಕೆಲಸ ಹುಡುಕಿಕೊಡಿ ಅಂತ ಕೇಳ್ತಿಲ್ಲ, ಅದಕ್ಕೇ ರೆಸ್ಯೂಮೆ ಕಳಿಸಿಲ್ಲ. ನವೆಂಬರ್‌ನಲ್ಲಿ ಇಲ್ಲಿ ಹೊಸ ಪ್ರಾಜೆಕ್ಟ್ ಶುರುವಾಗುತ್ತೆ. ಒಪ್ಪಿಕೊಂಡರೆ ಒಂದು ವರ್ಷ ಅಲ್ಲಾಡೋ ಹಾಗಿಲ್ಲ. ಅಷ್ಟರೊಳಗೆ ತೀರ್ಮಾನ ಮಾಡಬೇಕು: ಇಲ್ಲೇ ಇರೋದಾ, ಆರು ತಿಂಗಳು ಕಲಿತು ಹೊರಡೋದಾ, ಈಗಲೇ ಹೊರಡೋದಾ. ಅದಕ್ಕೆ ಮೂರು ಪ್ರಶ್ನೆ.

ಒಂದು, ಇತ್ತೀಚಿನ ಮೂರ್ನಾಲ್ಕು ತಿಂಗಳಲ್ಲಿ ನನ್ನಂಥವರನ್ನ ನೀವು ಕಳಿಸಿದ್ದರೆ ಅವರು ಎಲ್ಲಿ ನಿಂತುಹೋದರು? ಶಾರ್ಟ್‌ಲಿಸ್ಟಲ್ಲಾ, ಟೆಕ್ನಿಕಲ್ ರೌಂಡಲ್ಲಾ, ಸಂಬಳದ ಮಾತಲ್ಲಾ?

ಎರಡು, ಈ ಕೆಲಸಕ್ಕೆ ನಿಮ್ಮ ಕ್ಲೈಂಟ್‌ಗಳು ಕೊಡೋದಕ್ಕೆ ಹೋಲಿಸಿದರೆ 24 ಫಿಕ್ಸೆಡ್ ಹೆಚ್ಚಾ, ಕಡಿಮೆಯಾ?

ಮೂರು, ಮೇಲೆ ಬರೆದಿದ್ದನ್ನ ಓದಿದ ತಕ್ಷಣ ನಿಮ್ಮನ್ನ ಯೋಚನೆಗೆ ಹಚ್ಚಿದ್ದು ಯಾವುದು?

ಉತ್ತರ ಕಹಿಯಾಗಿದ್ದರೂ ಪರವಾಗಿಲ್ಲ. ನೀವು ಹೇಳಿದಿರಿ ಅಂತ ಎಲ್ಲೂ ಹೇಳಲ್ಲ. ಬರೆಯೋಕೆ ಪುರುಸೊತ್ತಿಲ್ಲದಿದ್ದರೆ ಸಂಜೆ ಏಳರ ಮೇಲೆ ಹತ್ತು ನಿಮಿಷ ಫೋನ್ ಮಾಡ್ತೀನಿ. ನನ್ನನ್ನ ಕೇಳದೆ ಪ್ರೊಫೈಲ್ ಎಲ್ಲಿಗೂ ಕಳಿಸಬೇಡಿ ಮೇಡಂ.”

ಇಷ್ಟೇ. ಆಡುಮಾತು, ಅಲಂಕಾರ ಒಂದೂ ಇಲ್ಲ. ಆದರೂ ಈ ಕಸುಬಿನ ಒಳಗಿನಿಂದ ಓದಿದರೆ ಇದರಲ್ಲಿ ಒಂದೊಂದು ಸಾಲೂ ಎಂಥ ಹದದಲ್ಲಿ ಕೂತಿದೆ ಎಂದು ಕಾಣುತ್ತದೆ. ನಿಧಾನವಾಗಿ ನೋಡೋಣ.

ಇದು ಬಂದ ಸಮಯವನ್ನು ಮೊದಲು ನೆನೆಯಬೇಕು. ಜುಲೈ ಕೊನೆಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತ್ತು. ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದವರು ಎಂಬ ಮಾತೂ ಅದರ ಜೊತೆಗಿತ್ತು. ಹತ್ತು ಹದಿನೈದು ವರ್ಷ ಅನುಭವ ಇರುವವರೆಲ್ಲ ಆ ಸುದ್ದಿಯಲ್ಲಿ ತಮ್ಮನ್ನೇ ಕಂಡರು. ನನಗೆ ಬಂದ ಸಂದೇಶಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಕೇಳುತ್ತಿದ್ದವು: ಮಾರ್ಕೆಟ್ ಹೇಗಿದೆ?

ಕೇಳುವವರ ಆತಂಕ ನಿಜವಾದದ್ದು. ಆದರೆ ಆ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲ. 2022ರಲ್ಲಾದರೆ ಇರುತ್ತಿತ್ತು. ಆ ವರ್ಷದ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್ ಪ್ರಕಟಿಸಿದ ಅಟ್ರಿಷನ್ ಶೇ 28.4 ಇತ್ತು. ಎಲ್ಲ ಕಡೆ ಜನ ಬಿಡುತ್ತಿದ್ದರು, ಎಲ್ಲ ಕಡೆ ಜನ ಬೇಕಿತ್ತು. ‘ಚೆನ್ನಾಗಿದೆ’ ಎಂದರೆ ಸಾಕಿತ್ತು. ಆಮೇಲೆ 2023-24ರಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಮೂರರ ಒಟ್ಟು ಸಿಬ್ಬಂದಿ ಒಂದೇ ವರ್ಷದಲ್ಲಿ 63 ಸಾವಿರಕ್ಕೂ ಹೆಚ್ಚು ಇಳಿಯಿತು. ಅದೇ ಹೊತ್ತಿಗೆ ವಿದೇಶಿ ಕಂಪನಿಗಳು ಇಲ್ಲಿ ತಾವೇ ನಡೆಸುವ ಕಚೇರಿಗಳು, ನಾವು ಜಿಸಿಸಿ ಎನ್ನುವವು, ಹೆಚ್ಚುತ್ತಲೇ ಹೋದವು. 2024ರ ನಾಸ್ಕಾಂ-ಜಿನ್ನೋವ್ ವರದಿಯ ಪ್ರಕಾರ ದೇಶದಲ್ಲಿ ಅಂಥವು 1,700ಕ್ಕೂ ಹೆಚ್ಚು, ಅಲ್ಲಿ ದುಡಿಯುವವರು 19 ಲಕ್ಷ. ಒಂದು ಬಾಗಿಲು ಮುಚ್ಚಿಕೊಳ್ಳುತ್ತಿರುವಾಗಲೇ ಇನ್ನೊಂದು ತೆರೆದಿದೆ. ಎರಡನೆಯದರ ಮುಂದೆ ನಿಂತವರಿಗೂ ಒಳಗೆ ಹೋಗುವ ಅಳತೆ ಬೇರೆ. ಹೀಗಿರುವಾಗ ‘ಮಾರ್ಕೆಟ್ ಹೇಗಿದೆ’ ಎಂದರೆ ‘ಸ್ವಲ್ಪ ಸ್ಲೋ ಇದೆ, ನೋಡೋಣ’ ಎಂದಷ್ಟೇ ಹೇಳಲು ಸಾಧ್ಯ. ಈ ಓಲೆ ಆ ಪ್ರಶ್ನೆಯನ್ನೇ ಕೇಳಲಿಲ್ಲ. ತನ್ನ ಕೆಲಸ, ತನ್ನ ಅನುಭವ, ತನ್ನ ಸಂಬಳ ಎಂಬ ಒಂದು ಸಣ್ಣ ಚೌಕವನ್ನು ಗೆರೆ ಎಳೆದು ತೋರಿಸಿ, ಅದರೊಳಗೆ ಏನು ಕಾಣುತ್ತದೆ ಎಂದು ಕೇಳಿತು.

ಈಗ ಮೊದಲ ಸಾಲು. ‘ನೆನಪಿದೀನಾ ಮೇಡಂ’ ಎಂದು ಬರೆದಿದ್ದರೆ ನಾನು ಸಂಕೋಚದಿಂದ ‘ಹೌದು’ ಎಂದು, ಆಮೇಲೆ ಹಳೆಯ ಎಕ್ಸೆಲ್ ಶೀಟುಗಳಲ್ಲಿ ಹುಡುಕಬೇಕಾಗುತ್ತಿತ್ತು. ನಮ್ಮ ಕಸುಬಿನಲ್ಲಿ ಹೆಸರುಗಳು ಮರೆತುಹೋಗುತ್ತವೆ, ತೊಡಕುಗಳು ಮರೆಯುವುದಿಲ್ಲ. ಯಾವ ವರ್ಷ, ಯಾವ ಕಡೆಯ ಕಂಪನಿ, ಯಾವ ತೊಡಕು, ಈ ಮೂರು ಹೇಳಿದರೆ ಮುಖ ತಾನಾಗಿ ಕಣ್ಣ ಮುಂದೆ ಬರುತ್ತದೆ. ಆಫರ್ ಲೆಟರ್ ಕೈಯಲ್ಲಿದ್ದೂ ರಿಲೀವಿಂಗ್ ಲೆಟರ್ ಬಾರದೆ ನಿಂತವರ ಆ ಎರಡು ವಾರ ನಮಗೂ ನಿದ್ದೆ ಕೆಡಿಸುವ ಕಾಲ. ಅವರು ನೆನಪಿಸಿದ್ದು ಅದನ್ನು. ಇದರಲ್ಲಿ ಹೊಗಳಿಕೆ ಇಲ್ಲ, ನಡೆದದ್ದರ ನೆನಪಿದೆ. ನಾನು ಮಾಡಿದ ಒಂದು ಸಣ್ಣ ಕೆಲಸವನ್ನು ಅದರ ನಿಜವಾದ ಗಾತ್ರದಲ್ಲಿ ಹೇಳಿದ್ದಾರೆ. ಕೃತಜ್ಞತೆಗೆ ಇದಕ್ಕಿಂತ ಒಳ್ಳೆಯ ರೂಪ ನನಗೆ ಗೊತ್ತಿಲ್ಲ. ‘ಈಗಲೂ ಅಲ್ಲೇ ಇದ್ದೀನಿ’ ಎಂಬ ಮಾತಂತೂ, ಸೇರಿಸಿದವರ ಮಟ್ಟಿಗೆ, ಯಾವ ಪ್ರಶಸ್ತಿಗೂ ಕಡಿಮೆಯಲ್ಲ.

ಅದರ ಬೆನ್ನಿಗೇ ಅಂಕಿಗಳು. ಸಾಮಾನ್ಯವಾಗಿ ಜನ ಸಂಬಳವನ್ನು ಮುಚ್ಚಿಡುತ್ತಾರೆ, ಇಲ್ಲವೆ ಸಿಟಿಸಿಯ ಒಟ್ಟು ಮೊತ್ತವನ್ನಷ್ಟೇ ಹೇಳುತ್ತಾರೆ. ಇವರು 27 ಲಕ್ಷ ಎಂದು ಬರೆಯಬಹುದಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಬದಲಿಗೆ ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು, ಆ ವೇರಿಯಬಲ್‌ನಲ್ಲಿ ನಿಜವಾಗಿ ಬಂದದ್ದೆಷ್ಟು ಎಂದು ಬಿಡಿಸಿ ಇಟ್ಟರು. ಮೂರನೆಯ ಅಂಕಿಯೇ ಮುಖ್ಯ. ಕಾಗದದ ಮೇಲಿನ 3 ಲಕ್ಷಕ್ಕೂ ಬ್ಯಾಂಕಿಗೆ ಬಂದ 1.8 ಲಕ್ಷಕ್ಕೂ ನಡುವಿನ ಅಂತರವನ್ನು ಮೊದಲೇ ಹೇಳಿಬಿಟ್ಟವರಿಗೆ ಉತ್ತರ ಕೊಡುವುದು ಸುಲಭ, ಯಾಕೆಂದರೆ ಅವರು ತಮ್ಮ ಬಗ್ಗೆಯೇ ಪ್ರಾಮಾಣಿಕರಾಗಿದ್ದಾರೆ. ಪ್ರಾಮಾಣಿಕ ಅಭಿಪ್ರಾಯ ಬೇಕು ಎಂದು ಬಾಯಲ್ಲಿ ಕೇಳುವ ಮೊದಲು ಅದರ ಮೊದಲ ಕಂತನ್ನು ತಾವೇ ಕೊಟ್ಟರು. ‘ನಾನೇ ಕೂತು ಕೋಡ್ ಬರೆದು ಎರಡು ವರ್ಷ ಆಯ್ತು’ ಎಂಬುದೂ ಹಾಗೆಯೇ. ರೆಸ್ಯೂಮೆಯಲ್ಲಿ ಯಾರೂ ಬರೆಯದ, ಆದರೆ ಇಂಟರ್‌ವ್ಯೂನ ಮೊದಲ ಹತ್ತು ನಿಮಿಷದಲ್ಲಿ ಹೊರಬೀಳುವ ಸಂಗತಿ ಅದು.

ಇನ್ನು ಓಲೆಯ ಹೃದಯ: ‘ಕೆಲಸ ಹುಡುಕಿಕೊಡಿ ಅಂತ ಕೇಳ್ತಿಲ್ಲ, ಅದಕ್ಕೇ ರೆಸ್ಯೂಮೆ ಕಳಿಸಿಲ್ಲ.’ ಈ ಸಾಲಿನ ಬೆಲೆ ತಿಳಿಯಬೇಕಾದರೆ ನಮ್ಮ ಸಂಪಾದನೆಯ ಲೆಕ್ಕ ಗೊತ್ತಿರಬೇಕು. ಕನ್ಸಲ್ಟೆನ್ಸಿಗೆ ಹಣ ಕೊಡುವುದು ಕಂಪನಿ, ಅಭ್ಯರ್ಥಿಯಲ್ಲ. ನಮ್ಮ ಕಡೆ ಬಹುಕಾಲದಿಂದ ನಡೆದುಬಂದ ದರ ವಾರ್ಷಿಕ ಸಿಟಿಸಿಯ ಶೇ 8.33, ಅಂದರೆ ಒಂದು ತಿಂಗಳ ಸಂಬಳದಷ್ಟು. ಕಷ್ಟದ ಹುದ್ದೆಗಳಿಗೆ ಇದಕ್ಕಿಂತ ಹೆಚ್ಚೂ ಸಿಗುತ್ತದೆ. ಅಭ್ಯರ್ಥಿ ಸೇರಿದರೆ ಮಾತ್ರ ಆ ಹಣ. ಸೇರಿದ ಮೇಲೂ ಸಾಮಾನ್ಯವಾಗಿ 90 ದಿನದೊಳಗೆ ಬಿಟ್ಟುಹೋದರೆ ಬೇರೆಯವರನ್ನು ಹುಡುಕಿಕೊಡಬೇಕು, ಇಲ್ಲವೆ ಹಣ ಹಿಂತಿರುಗಿಸಬೇಕು.

ಇದನ್ನು ಒಬ್ಬರ ವಿಷಯಕ್ಕೆ ಹಚ್ಚಿ ನೋಡಿ. ಒಬ್ಬರನ್ನು 27.5 ಲಕ್ಷಕ್ಕೆ ಸೇರಿಸಿದರೆ ನಮಗೆ ಸುಮಾರು 2.29 ಲಕ್ಷ. ಹಟ ಹಿಡಿದು 29 ಲಕ್ಷ ಕೊಡಿಸಿದರೆ ಅಭ್ಯರ್ಥಿಗೆ ವರ್ಷಕ್ಕೆ ಒಂದೂವರೆ ಲಕ್ಷ ಹೆಚ್ಚು. ನಮಗೆ ಹೆಚ್ಚಾಗುವುದು 12,500 ರೂಪಾಯಿ. ಆ 12,500ಕ್ಕಾಗಿ ಎಳೆದಾಡಲು ಹೋಗಿ ಕ್ಲೈಂಟ್ ಬೇಸತ್ತು ಬೇರೆಯವರನ್ನು ತೆಗೆದುಕೊಂಡರೆ 2.29 ಲಕ್ಷವೂ ಹೋಯಿತು. ಆದ್ದರಿಂದ ಈ ಕಸುಬಿನ ಒಳಗಿನ ಸೆಳೆತ ಸಂಬಳ ಏರಿಸುವ ಕಡೆಗಿಲ್ಲ, ಬೇಗ ಮುಗಿಸುವ ಕಡೆಗಿದೆ. ರೆಸ್ಯೂಮೆ ಕೈಗೆ ಬಂದ ಕೂಡಲೇ ಆ ಸೆಳೆತ ಶುರುವಾಗುತ್ತದೆ. ಕೈಯಲ್ಲಿರುವ ಹುದ್ದೆಗೆ ಇವರು ಹೊಂದುತ್ತಾರೆಯೇ ಎಂದು ಕಣ್ಣು ನೋಡತೊಡಗುತ್ತದೆ. ಆಗ ‘ಮಾರ್ಕೆಟ್ ಚೆನ್ನಾಗಿದೆ, ಒಂದು ಒಳ್ಳೆ ಓಪನಿಂಗ್ ಇದೆ’ ಎಂಬ ಮಾತು ನಾಲಿಗೆಗೆ ಬರುವುದರಲ್ಲಿ ಮೋಸವೇನೂ ಇಲ್ಲ, ಅದು ಕಸುಬಿನ ಅಭ್ಯಾಸ. ಇವರು ರೆಸ್ಯೂಮೆ ಕಳಿಸದೆ ಇದ್ದುದರಿಂದ ನಾನು ಮಾರುವವಳ ಜಾಗದಿಂದ ಎದ್ದು ಬಂದು ಬಲ್ಲವಳ ಜಾಗದಲ್ಲಿ ಕೂತೆ. ಒಂದು ಅಟ್ಯಾಚ್‌ಮೆಂಟ್ ಇಲ್ಲದಿರುವುದು ಇಷ್ಟು ಕೆಲಸ ಮಾಡಬಲ್ಲುದು ಎಂದು ನನಗೆ ಅಂದು ಹೊಳೆಯಿತು.

ಕಡೆಯ ಸಾಲು, ‘ನನ್ನನ್ನ ಕೇಳದೆ ಪ್ರೊಫೈಲ್ ಎಲ್ಲಿಗೂ ಕಳಿಸಬೇಡಿ’, ಇದೇ ಎಚ್ಚರದ ಇನ್ನೊಂದು ಮುಖ. ಒಂದು ಕನ್ಸಲ್ಟೆನ್ಸಿ ಒಬ್ಬರ ಪ್ರೊಫೈಲನ್ನು ಕಂಪನಿಯೊಂದಕ್ಕೆ ಕಳಿಸಿದರೆ, ಒಪ್ಪಂದದ ಪ್ರಕಾರ ಇಂತಿಷ್ಟು ತಿಂಗಳು ಆ ಅಭ್ಯರ್ಥಿ ಆ ಕನ್ಸಲ್ಟೆನ್ಸಿಯ ಲೆಕ್ಕಕ್ಕೆ ಸೇರುತ್ತಾರೆ. ಅಷ್ಟರಲ್ಲಿ ಅವರೇ ನೇರವಾಗಿ ಅರ್ಜಿ ಹಾಕಿದರೆ, ಅಥವಾ ಅಲ್ಲಿರುವ ಗೆಳತಿ ರೆಫರ್ ಮಾಡಿದರೆ, ಕಂಪನಿಯ ಸಿಸ್ಟಮ್ ‘ಡುಪ್ಲಿಕೇಟ್’ ಎನ್ನುತ್ತದೆ. ಫೀಸು ಯಾರಿಗೆ ಎಂಬ ತಕರಾರು ಬೇಡವೆಂದು ಎಚ್‌ಆರ್ ಆ ಪ್ರೊಫೈಲನ್ನೇ ಬದಿಗಿಡುವುದುಂಟು. ಅಭ್ಯರ್ಥಿಗೆ ಇದು ಗೊತ್ತೇ ಆಗುವುದಿಲ್ಲ. ಉತ್ತರ ಬರಲಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ಈ ಅಪಾಯವನ್ನು ತಿಳಿದವರು ಕಡಿಮೆ. ಅದನ್ನು ಅನುಮಾನದ ದನಿಯಿಲ್ಲದೆ, ‘ಮೇಡಂ’ ಎಂಬ ಒಂದು ಸಂಬೋಧನೆಯಿಂದ ಮೆದು ಮಾಡಿ ಹೇಳಿದ್ದು ನನಗೆ ಬಹಳ ಹಿಡಿಸಿತು.

ನಡುವೆ ಇರುವ ಮೂರು ಪ್ರಶ್ನೆಗಳನ್ನು ಬೇಕೆಂದೇ ಕಡೆಗೆ ಇಟ್ಟುಕೊಂಡಿದ್ದೇನೆ, ಅವುಗಳ ರುಚಿ ಉತ್ತರದ ಜೊತೆಗೇ ತಿಳಿಯುವಂಥದ್ದು. ಮೊದಲ ಪ್ರಶ್ನೆ ನನ್ನ ಅಭಿಪ್ರಾಯ ಕೇಳುವುದೇ ಇಲ್ಲ, ನಾನು ಕಂಡದ್ದನ್ನು ಕೇಳುತ್ತದೆ. ಅಭ್ಯರ್ಥಿಗೆ ಕಾಣುವುದು ಅವರದೊಂದೇ ಪ್ರಯತ್ನ. ಅದೇ ಹುದ್ದೆಗೆ ಹೋದ ಎಲ್ಲರೂ ಯಾವ ಮೆಟ್ಟಿಲಲ್ಲಿ ಎಡವಿದರು ಎಂಬುದು ಕಾಣುವುದು ನಮಗೆ. ಮೆಟ್ಟಿಲು ಬೇರೆಯಾದರೆ ಕಾರಣವೂ ಬೇರೆ. ಶಾರ್ಟ್‌ಲಿಸ್ಟಿನಲ್ಲೇ ನಿಂತರೆ ತೊಂದರೆ ಕಾಗದದಲ್ಲಿದೆ: ಹುದ್ದೆಯ ಹೆಸರು, ಕೌಶಲದ ಹೆಸರು, ನೋಟಿಸ್ ಅವಧಿ. ಟೆಕ್ನಿಕಲ್ ರೌಂಡಿನಲ್ಲಿ ನಿಂತರೆ ಕೈಯಲ್ಲಿದೆ. ಸಂಬಳದಲ್ಲಿ ನಿಂತರೆ ಕಂಪನಿಯ ಬಜೆಟ್ಟಿನಲ್ಲಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ‘ಮಾರ್ಕೆಟ್ ಸರಿಯಿಲ್ಲ’ ಎಂಬ ಒಂದೇ ಮಾತು ಮೂರನ್ನೂ ಮುಚ್ಚಿಹಾಕುತ್ತದೆ.

ನಾನು ಕಡತ ತೆಗೆದು ನೋಡಿ ಬರೆದೆ: “ನನ್ನ ಕ್ಲೈಂಟ್‌ಗಳಲ್ಲಿ ನಿಮ್ಮಂಥವರು ಶಾರ್ಟ್‌ಲಿಸ್ಟ್ ಆಗ್ತಿದ್ದಾರೆ. ನಿಲ್ತಿರೋದು ಟೆಕ್ನಿಕಲ್ ರೌಂಡಲ್ಲಿ. ಸ್ಕ್ರೀನ್ ಶೇರ್ ಮಾಡಿಸಿ, ಒಂದು ಎಪಿಐ ಕೊಟ್ಟು, ಇದಕ್ಕೆ ಆಟೋಮೇಶನ್ ಟೆಸ್ಟ್ ಬರೀರಿ ಅಂತಾರೆ. ಗೂಗಲ್ ನೋಡಬಹುದು, ಆದರೆ ಕೈ ನಿಲ್ಲಬಾರದು. ತಂಡ ನಡೆಸಿದವರು ಅಲ್ಲಿ ಬಾಯಲ್ಲಿ ಚೆನ್ನಾಗಿ ವಿವರಿಸ್ತಾರೆ, ಕೋಡ್ ಬರೆಯೋವಾಗ ತಡವರಿಸ್ತಾರೆ. ಬರೀ ತಂಡ ನೋಡಿಕೊಳ್ಳೋ ಟೆಸ್ಟ್ ಲೀಡ್ ಹುದ್ದೆ ಈ ವರ್ಷ ನನಗೆ ಬಂದಿಲ್ಲ. ಬಂದವೆಲ್ಲ ತಾನೂ ಬರೆದು, ಜೊತೆಗೆ ಮೂರ್ನಾಲ್ಕು ಜನರನ್ನ ನೋಡಿಕೊಳ್ಳೋಂಥವು.”

ಮೂರನೆಯ ಪ್ರಶ್ನೆಗೂ ಉತ್ತರ ಇದರಲ್ಲೇ ಇತ್ತು. ಒಂದೇ ಕಂಪನಿಯಲ್ಲಿ ಒಂಬತ್ತು ವರ್ಷ ಇದ್ದದ್ದು ಯೋಚನೆಗೆ ಹಚ್ಚಲಿಲ್ಲ, ಕೋಡ್ ಬಿಟ್ಟ ಎರಡು ವರ್ಷ ಹಚ್ಚಿತು. ಜೊತೆಗೆ 90 ದಿನದ ನೋಟಿಸ್. ಜಾಬ್ ಪೋರ್ಟಲ್‌ಗಳಲ್ಲಿ ನಾವು ಜನರನ್ನು ಹುಡುಕುವಾಗ ನೋಟಿಸ್ ಅವಧಿಯೂ ಒಂದು ಫಿಲ್ಟರ್. ಕ್ಲೈಂಟ್ ಮೂವತ್ತು ದಿನದೊಳಗೆ ಬೇಕು ಎಂದರೆ 90 ಎಂದು ಬರೆದವರ ಹೆಸರು ಪರದೆಯ ಮೇಲೆ ಬರುವುದೇ ಇಲ್ಲ. ಹಾಗಾಗಿ, ಕೆಲಸ ಹುಡುಕುವ ಮೊದಲು ನಿಮ್ಮ ಕಂಪನಿಯ ನಿಯಮದಲ್ಲಿ ನೋಟಿಸ್ ಬೈಔಟ್ ಇದೆಯೇ, ಇದ್ದರೆ ಅದು ನಿಮ್ಮ ಹಕ್ಕೋ ಮ್ಯಾನೇಜರ್ ಮರ್ಜಿಯೋ ಎಂದು ಆಫರ್ ಲೆಟರ್ ತೆಗೆದು ಓದಿ ಎಂದು ಬರೆದೆ.

ಎರಡನೆಯ ಪ್ರಶ್ನೆ ನೋಡಲು ಸಣ್ಣದು, ಉತ್ತರಿಸುವಾಗ ಅದೇ ಬೆಳೆಯಿತು. ‘ಎಷ್ಟು ಹೈಕ್ ಸಿಗುತ್ತೆ’ ಎಂದು ಕೇಳದೆ ‘24 ಹೆಚ್ಚಾ, ಕಡಿಮೆಯಾ’ ಎಂದು ಕೇಳಿದ್ದರಲ್ಲೇ ಒಂದು ತಿಳಿವಳಿಕೆ ಇದೆ. ಹೈಕ್ ಎಂಬುದು ಹಳೆಯ ಸಂಬಳದ ಮೇಲಿನ ಲೆಕ್ಕ. ಕಂಪನಿಯ ಬಜೆಟ್ ಹುದ್ದೆಯ ಮೇಲಿನ ಲೆಕ್ಕ. ನನ್ನ ಕೈಯಲ್ಲಿದ್ದ ಹುದ್ದೆಗಳಿಗೆ ಕ್ಲೈಂಟ್‌ಗಳು ಹೇಳಿದ ಮಿತಿ 22ರಿಂದ 28 ಲಕ್ಷ ಫಿಕ್ಸೆಡ್. ಇವರು ಆಗಲೇ ಅದರ ನಡುವೆ ಇದ್ದಾರೆ. ಅಂದರೆ ಎಷ್ಟೇ ಚೆನ್ನಾಗಿ ಇಂಟರ್‌ವ್ಯೂ ಕೊಟ್ಟರೂ ಮೇಲೆ ಉಳಿದಿರುವ ಜಾಗ ಕಡಿಮೆ. ಆ ಜಾಗ ಎಷ್ಟು ಕಡಿಮೆ ಎಂದು ತೋರಿಸಲು ಒಂದು ಲೆಕ್ಕ ಮಾಡಿ ಕಳಿಸಿದೆ.

ಹೊಸ ಕಂಪನಿ 27.5 ಲಕ್ಷ ಕೊಡುತ್ತದೆ, ವೇರಿಯಬಲ್ ಇಲ್ಲ ಎಂದುಕೊಳ್ಳೋಣ. ಹಳೆಯ ಫಿಕ್ಸೆಡ್ 24ರ ಮೇಲೆ ನೋಡಿದರೆ ಮೂರೂವರೆ ಲಕ್ಷ ಹೆಚ್ಚು, ಶೇ 14.6. ಎಚ್‌ಆರ್ ಫೋನಿನಲ್ಲಿ ಹೇಳುವುದು ಇದನ್ನೇ. ಆದರೆ ಇವರಿಗೆ ಹೋದ ವರ್ಷ ನಿಜವಾಗಿ ಬಂದದ್ದು 24 ಮತ್ತು 1.8 ಸೇರಿ 25.8 ಲಕ್ಷ. ಅದರ ಮೇಲೆ ಹೆಚ್ಚು 1.7 ಲಕ್ಷ ಮಾತ್ರ, ಶೇ 6.6. ಇನ್ನೂ ಒಂದು ಮಡಿಕೆ ಬಿಚ್ಚಬೇಕು. ಹೊಸ ಕಂಪನಿಯ ‘ಫಿಕ್ಸೆಡ್’ನಲ್ಲಿ ಗ್ರಾಚ್ಯುಟಿಯೂ ಸೇರಿದೆಯೇ? ಸೇರಿಸುವ ಕಂಪನಿಗಳು ಬೇಸಿಕ್‌ನ ಶೇ 4.81 ಎಂದು ಲೆಕ್ಕ ಹಿಡಿಯುತ್ತವೆ. ಬೇಸಿಕ್ ಅರ್ಧ, ಅಂದರೆ 13.75 ಲಕ್ಷ ಆದರೆ ಗ್ರಾಚ್ಯುಟಿಯ ಪಾಲು ಸುಮಾರು 66 ಸಾವಿರ. ಅದು ತಿಂಗಳ ಸಂಬಳದಲ್ಲಿ ಬರುವುದಿಲ್ಲ. ಈಗಿನ ಅವರ 24ರಲ್ಲಿ ಗ್ರಾಚ್ಯುಟಿ ಸೇರಿಲ್ಲದಿದ್ದರೆ, ಹೋಲಿಕೆ ಸರಿಯಾಗಲು ಈ 66 ಸಾವಿರವನ್ನು ಕಳೆಯಬೇಕು. ಉಳಿಯುವುದು ವರ್ಷಕ್ಕೆ ಒಂದು ಲಕ್ಷ ನಾಲ್ಕು ಸಾವಿರ, ಶೇ 4. ಹದಿನಾಲ್ಕೂವರೆ ಎಂದು ಕೇಳಿಸಿದ್ದು ನಾಲ್ಕಕ್ಕೆ ಬಂದು ನಿಂತಿತು. ಅದಕ್ಕಾಗಿ ಒಂಬತ್ತು ವರ್ಷದ ಪರಿಚಯದ ಜಾಗ ಬಿಟ್ಟು, ಸೇರಿದ ಮೊದಲ ತಿಂಗಳುಗಳ ಪ್ರೊಬೇಷನ್‌ಗೆ ಹೋಗಬೇಕೆ ಎಂಬುದು ಅವರ ತೀರ್ಮಾನ. ಅಂಕಿ ಮಾತ್ರ ನನ್ನದು. ಯಾವ ಆಫರ್ ಬಂದರೂ ಸ್ಯಾಲರಿ ಬ್ರೇಕಪ್ ಶೀಟನ್ನು ಮೊದಲು ಕೇಳಿ, ಎರಡು ಕಾಲಂ ಮಾಡಿ, ತಿಂಗಳಿಗೆ ಬ್ಯಾಂಕಿಗೆ ಬರುವುದನ್ನು ಬ್ಯಾಂಕಿಗೆ ಬರುವುದರ ಜೊತೆಗೇ ಹೋಲಿಸಿ ಎಂದು ಬರೆದೆ.

ಇಂಥ ಓಲೆಗೆ ಉತ್ತರಿಸುವವರು ತಮ್ಮ ನೋಟದ ಗಡಿಯನ್ನೂ ಹೇಳಬೇಕು. ಶಿವಮೊಗ್ಗದ ಅಡಿಕೆ ಮಂಡಿಯವರು ತಮ್ಮ ತಕ್ಕಡಿಗೆ ಬಂದ ಮಾಲಿನ ಧಾರಣೆಯನ್ನು ಕರಾರುವಾಕ್ಕಾಗಿ ಬಲ್ಲರು, ಪಕ್ಕದ ಮಂಡಿಗೆ ಬಂದದ್ದನ್ನು ಕೇಳಿ ಬಲ್ಲರಷ್ಟೆ; ನಮ್ಮದೂ ಹಾಗೆಯೇ. ನನ್ನ ಮಾರ್ಕೆಟ್ ಎಂದರೆ ನನ್ನ ಕ್ಲೈಂಟ್‌ಗಳು. ಕಂಪನಿಗಳು ಸುಲಭವಾಗಿ ತುಂಬುವ ಹುದ್ದೆಗಳನ್ನು ನಮಗೆ ಕೊಡುವುದಿಲ್ಲ. ಮೊದಲು ಒಳಗಿನವರಿಗೆ, ಆಮೇಲೆ ಉದ್ಯೋಗಿಗಳ ರೆಫರಲ್‌ಗೆ, ಆಮೇಲೆ ತಮ್ಮದೇ ನೇಮಕಾತಿ ತಂಡಕ್ಕೆ. ಇವೆಲ್ಲ ಮುಗಿದ ಮೇಲೆ ಹೊರಗೆ. ಖರ್ಚು ಕಡಿತದ ವರ್ಷಗಳಲ್ಲಿ ಫೀಸು ಉಳಿಸಲು ಈ ಸಾಲನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ. ಆದ್ದರಿಂದ ನನ್ನ ಕೈಗೆ ಹುದ್ದೆ ಕಡಿಮೆ ಬಂದರೆ ಊರಲ್ಲೇ ಹುದ್ದೆ ಕಡಿಮೆ ಎಂದಾಗುವುದಿಲ್ಲ. ಇದನ್ನು ಬರೆದು, ಜಿಸಿಸಿಯೊಂದರಲ್ಲಿ ಇಂಟರ್‌ವ್ಯೂ ಮಾಡುವ ಯಾರಾದರೂ ಹಳೆಯ ಸಹೋದ್ಯೋಗಿಯನ್ನು ಇದೇ ಮೂರು ಪ್ರಶ್ನೆ ಕೇಳಿ ಎಂದೆ. ಮೇಜಿನ ಆ ಕಡೆ ಕೂತವರ ಮಾತೂ ನನ್ನ ಮಾತೂ ಒಂದಾದರೆ ನಂಬಿ. ಬೇರೆಯಾದರೆ ಬೇರೆಯಾದ ಜಾಗವನ್ನು ಇನ್ನಷ್ಟು ಕೆದಕಿ.

ಪ್ರಾಮಾಣಿಕ ಉತ್ತರವನ್ನು ಗುರುತಿಸುವುದು ಹೇಗೆ ಎಂಬುದೂ ಇಲ್ಲಿ ಸ್ಪಷ್ಟವಾಗುತ್ತದೆ. ಅದರಲ್ಲಿ ಒಂದು ರೌಂಡಿನ ಹೆಸರಿರುತ್ತದೆ, ಒಂದು ಅಂಕಿ ಇರುತ್ತದೆ, ‘ನನ್ನ ಕ್ಲೈಂಟ್‌ಗಳಲ್ಲಿ’ ಎಂಬ ಗಡಿ ಇರುತ್ತದೆ, ಮತ್ತು ಕೇಳಿದವರು ಬರೆದ ಯಾವುದೋ ಒಂದು ವಿವರವನ್ನು ಹಿಡಿದು ಆಡಿದ ಮಾತಿರುತ್ತದೆ. ಇವು ಇಲ್ಲದೆ ಬರೀ ಧೈರ್ಯ ಇದ್ದರೆ ಅದು ಸೌಜನ್ಯ. ‘ಅಪ್‌ಡೇಟೆಡ್ ರೆಸ್ಯೂಮೆ ಕಳಿಸಿ’ ಎಂದು ಮುಗಿದರೆ ಅದು ವ್ಯಾಪಾರ. ಎರಡೂ ತಪ್ಪಲ್ಲ, ಆದರೆ ಅವುಗಳ ಮೇಲೆ ತೀರ್ಮಾನ ನಿಲ್ಲಿಸಬಾರದು. ಈ ಓಲೆಯ ಚಂದವೆಂದರೆ, ಅದು ಕೇಳಿದ ರೀತಿಯಿಂದಲೇ ಉತ್ತರ ಮೊದಲ ಬಗೆಯದಾಗುತ್ತದೆ. ರೌಂಡ್ ಯಾವುದು ಎಂದು ಕೇಳಿದವರಿಗೆ ‘ನೋಡೋಣ’ ಎಂದು ಬರೆಯಲು ಬರುವುದಿಲ್ಲ.

ಡಿಸೆಂಬರ್‌ನಲ್ಲಿ ಅವರಿಂದ ಮತ್ತೆ ನಾಲ್ಕು ಸಾಲು ಬಂತು. ಹೊಸ ಪ್ರಾಜೆಕ್ಟಿಗೆ ಒಪ್ಪಿದ್ದರು, ಆದರೆ ಟೆಸ್ಟ್ ಫ್ರೇಮ್‌ವರ್ಕನ್ನು ತಾನೇ ಬರೆಯುತ್ತೇನೆ ಎಂಬ ಮಾತಿನ ಮೇಲೆ. ನಡುವೆ ಹಳೆಯ ಸಹೋದ್ಯೋಗಿಯ ರೆಫರಲ್‌ನಿಂದ ಒಂದು ಇಂಟರ್‌ವ್ಯೂ ಕೊಟ್ಟಿದ್ದರಂತೆ. “ನೀವು ಹೇಳಿದ ಜಾಗದಲ್ಲೇ ನಿಂತೆ ಮೇಡಂ, ಎಪಿಐ ಟೆಸ್ಟ್ ಬರೆಯೋದರಲ್ಲಿ. ಆದರೆ ನಿಮ್ಮ ಎರಡನೇ ಉತ್ತರ ಸ್ವಲ್ಪ ಕಡಿಮೆ ಇತ್ತು. ಆ ರೌಂಡ್ ದಾಟಿದವರಿಗೆ 30ರವರೆಗೂ ಬಜೆಟ್ ಇತ್ತಂತೆ, ಅಲ್ಲಿನ ಮ್ಯಾನೇಜರೇ ಹೇಳಿದ್ದು. ನಿಮಗೆ ಉಪಯೋಗ ಆಗಬಹುದು ಅಂತ ಬರೆದೆ.”

ಉಪಯೋಗವಾಯಿತು. ಆ ಬಗೆಯ ಹುದ್ದೆಗೆ ನಾನು ಬರೆದಿಟ್ಟುಕೊಂಡಿದ್ದ 28ನ್ನು ಹೊಡೆದು 30 ಎಂದು ಬರೆದೆ. ಅದಾದ ಮೇಲೆ ದಾವಣಗೆರೆ ಕಡೆಯ ಇನ್ನೊಬ್ಬ ಹುಡುಗ ಅಂಥದೇ ಕೆಲಸಕ್ಕೆ ಎಲ್ಲ ರೌಂಡುಗಳನ್ನೂ ದಾಟಿದಾಗ ಕ್ಲೈಂಟ್ 27 ಎಂದರು. ಮೊದಲಾಗಿದ್ದರೆ ಮುಗಿಸಿಬಿಡುತ್ತಿದ್ದೆ. ಈ ಸಲ 29 ಕೇಳಿದೆ, ಕಾರಣ ಹೇಳಿದೆ. ಎರಡು ದಿನ ಬಿಟ್ಟು ಒಪ್ಪಿದರು. ನನಗೆ ಅದರಿಂದ ಹೆಚ್ಚಾದದ್ದು ಹದಿನಾರು ಸಾವಿರ ಚಿಲ್ಲರೆ. ಆ ಹುಡುಗನಿಗೆ ವರ್ಷಕ್ಕೆ ಎರಡು ಲಕ್ಷ.